ರೀಡಿಂಗ್ ಒಂದೇ ಬಂತು, ಉತ್ತರ ತಪ್ಪಿತು: ಒಂದು ಟೈಟ್ರೇಶನ್ನಿನ ದೋಷ ಹುಡುಕಿದ ಕಥೆ

ನಾನು ಪಾಠ ಮಾಡುವ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಬ್ಯಾಚಿಗೆ ಎಂಟು ವಿದ್ಯಾರ್ಥಿಗಳು. ಆ ದಿನದ ಪ್ರಯೋಗ ತೀರಾ ಹಳೆಯದು: ಪ್ರಬಲತೆ ಗೊತ್ತಿರುವ ಆಕ್ಸಾಲಿಕ್ ಆಮ್ಲದ ದ್ರಾವಣವನ್ನು ಬಳಸಿ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಪ್ರಬಲತೆಯನ್ನು ಕಂಡುಹಿಡಿಯುವುದು. ಕಾನಿಕಲ್ ಫ್ಲಾಸ್ಕಿಗೆ ಪಿಪೆಟ್ಟಿನಿಂದ 20 ಮಿ.ಲೀ. ಆಮ್ಲ, ಎರಡು ಹನಿ ಫಿನಾಲ್ಫ್ಥಲೀನ್, ಬ್ಯುರೆಟ್ಟಿನಿಂದ ಕ್ಷಾರ. ತೆಳು ಗುಲಾಬಿ ಬಣ್ಣ ಬಂದು ನಿಂತರೆ ಮುಗಿಯಿತು.

ಎಂಟರಲ್ಲಿ ಐದು ಮಂದಿಯ ರೀಡಿಂಗುಗಳು 19.00 ಮತ್ತು 19.10 ಮಿ.ಲೀ. ನಡುವೆಯೇ ಇದ್ದವು. ಮೊದಲ ಬೆಂಚಿನ ಹುಡುಗಿಯ ಮೂರು ರೀಡಿಂಗುಗಳು 19.05, 19.05, 19.10. ಇಷ್ಟು ಚೆನ್ನಾಗಿ ಕೂಡಿಬಂದ ರೀಡಿಂಗುಗಳನ್ನು ಕಂಡರೆ ಯಾವ ಮೇಷ್ಟರಿಗೂ ಸಹಿ ಹಾಕಿ ಮುಂದೆ ಹೋಗುವ ಮನಸ್ಸಾಗುತ್ತದೆ. ನನಗೂ ಆಯಿತು. ಆಮ್ಲ 0.05 ಮೋಲಾರ್ ಎಂದು ಬಾಟಲಿಯ ಮೇಲೆ ಬರೆದಿತ್ತು. ಒಂದು ಆಕ್ಸಾಲಿಕ್ ಆಮ್ಲಕ್ಕೆ ಎರಡು ಸೋಡಿಯಂ ಹೈಡ್ರಾಕ್ಸೈಡ್ ಬೇಕು, ಆದ್ದರಿಂದ ಲೆಕ್ಕ ಹೀಗೆ:

```
2 × 0.05 × 20 / 19.05 = 0.1050
```

ತೊಡಕು ಇಲ್ಲಿಯೇ. ಅದೇ ಕ್ಷಾರದ ಬಾಟಲಿಯಿಂದ ಅಂದು ಬೆಳಿಗ್ಗೆ ಪದವಿ ವಿಭಾಗದವರು ಒಂದಷ್ಟು ತೆಗೆದುಕೊಂಡು, ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ಬಳಸಿ ಪ್ರಬಲತೆ ಕಟ್ಟಿದ್ದರು. ಅವರಿಗೆ ಬಂದದ್ದು 0.1002 ಮೋಲಾರ್. ನಮ್ಮ ಐದು ಮಂದಿ ಸೇರಿ ಶೇ. 4.8ರಷ್ಟು ತಪ್ಪಿದ್ದೆವು, ಅದೂ ಒಬ್ಬರ ಪಕ್ಕ ಒಬ್ಬರು ನಿಂತಷ್ಟು ಒಮ್ಮತದಿಂದ.

ಉಳಿದ ಮೂವರ ಪಟ್ಟಿ ಬೇರೆಯೇ ಹಾಡುತ್ತಿತ್ತು. ಒಬ್ಬಳಿಗೆ 19.60, 19.05, 19.05. ಇನ್ನೊಬ್ಬನಿಗೆ 18.50, 19.10, 18.75. ಕಿಟಕಿಯ ಪಕ್ಕದ ಕೊನೆಯ ಹುಡುಗನಿಗೆ 20.20, 19.75, 20.05. ಇವನ ಸರಾಸರಿ ಸರಿಯಾಗಿ 20.00, ಅಂದರೆ ಪ್ರಬಲತೆ 0.1000. ಇಡೀ ಬ್ಯಾಚಿನಲ್ಲಿ ನಿಜಕ್ಕೆ ಹತ್ತಿರದ ಉತ್ತರ ಬಂದದ್ದು ಅವನೊಬ್ಬನಿಗೇ, ಮತ್ತು ಅವನ ಪುಸ್ತಕದಲ್ಲಿ ಎರಡು ರೀಡಿಂಗುಗಳು ಒಂದಕ್ಕೊಂದು ತಾಳೆಯಾಗಿರಲಿಲ್ಲ. ಈ ಹುಡುಗನ ಕಡೆಗೆ ಆಮೇಲೆ ಬರುತ್ತೇನೆ.

ಮೊದಲ ಪ್ರಶ್ನೆ: ಚದುರಿದೆಯೋ, ಸರಿದಿದೆಯೋ?

ಉತ್ತರ ತಪ್ಪಾದ ಕೂಡಲೇ ‘ಇನ್ನೊಮ್ಮೆ ಮಾಡು’ ಎನ್ನುವುದು ನಮ್ಮ ಪ್ರಯೋಗಾಲಯಗಳ ರೂಢಿ. ಅದಕ್ಕೂ ಮೊದಲು ರೀಡಿಂಗುಗಳ ಪಟ್ಟಿಯನ್ನು ಒಂದು ನಿಮಿಷ ನೋಡಬೇಕು. ತಪ್ಪಿನಲ್ಲಿ ಎರಡು ಜಾತಿ ಇದೆ, ಎರಡಕ್ಕೂ ಮದ್ದು ಬೇರೆ.

ಹಿಂದೆ ಸಂತೆಯಲ್ಲಿ ತಕ್ಕಡಿಯ ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸಿ ತೂಗುವವರ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಂಥ ತಕ್ಕಡಿಯಲ್ಲಿ ಅದೇ ಬೆಲ್ಲವನ್ನು ಹತ್ತು ಸಲ ತೂಗಿದರೂ ಹತ್ತು ಸಲವೂ ಒಂದೇ ತೂಕ ಬರುತ್ತದೆ. ಅಳತೆ ಮತ್ತೆ ಮತ್ತೆ ಒಂದೇ ಕಡೆ ಬಂದು ಕೂರುವ ಈ ಗುಣಕ್ಕೆ ನಿಷ್ಕೃಷ್ಟತೆ ಎನ್ನುತ್ತೇವೆ. ಬೆಲ್ಲ ನಿಜವಾಗಿ ಎಷ್ಟಿದೆಯೋ ಅಷ್ಟನ್ನೇ ತೋರಿಸುವ ಗುಣ ನಿಖರತೆ. ಹುಣಸೆಹಣ್ಣಿನ ತಕ್ಕಡಿಯಲ್ಲಿ ಮೊದಲನೆಯದು ಪೂರ್ತಿ ಇದೆ, ಎರಡನೆಯದು ಇಲ್ಲ. ಕೈಯಲ್ಲಿ ಹಿಡಿದು ಅಂದಾಜು ಹೇಳುವ ಮುದುಕನ ಲೆಕ್ಕ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುತ್ತದೆ. ಹತ್ತು ಸಲದ ಸರಾಸರಿ ಮಾತ್ರ ನಿಜದ ಹತ್ತಿರ ಬಂದು ನಿಲ್ಲಲೂಬಹುದು.

ಇದರಿಂದ ದೋಷ ಹುಡುಕುವವನಿಗೆ ಸಿಗುವ ಸುಳಿವು ಇಷ್ಟು. ರೀಡಿಂಗುಗಳು ಚದುರಿದ್ದರೆ ಕಾರಣ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಬದಲಾಗುವಂಥದ್ದು: ಕೈ, ಕಣ್ಣು, ಗುಳ್ಳೆ, ಸೋರಿಕೆ. ರೀಡಿಂಗುಗಳು ಒಟ್ಟಾಗಿ ಕೂತು ಒಂದೇ ಕಡೆಗೆ ಸರಿದಿದ್ದರೆ ಕಾರಣ ಎಲ್ಲ ಸಲಕ್ಕೂ ಸಮನಾಗಿ ಸೇರಿಕೊಂಡಿರುವಂಥದ್ದು. ಅಂಥ ತಪ್ಪನ್ನು ಮತ್ತೆ ಮತ್ತೆ ಅಳೆದು ಹೊರಗೆ ತರಲು ಆಗುವುದಿಲ್ಲ. ನೂರು ಟೈಟ್ರೇಶನ್ ಮಾಡಿದರೂ 19.05 ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೇ.

ಚದುರಿದ ರೀಡಿಂಗುಗಳನ್ನು ಬಂದ ಕ್ರಮದಲ್ಲಿ ಓದಬೇಕು

19.60, 19.05, 19.05 ಬಂದ ಹುಡುಗಿ ಮೊದಲ ರೀಡಿಂಗನ್ನು ಹೊಡೆದುಹಾಕಿ ಉಳಿದೆರಡನ್ನು ತೆಗೆದುಕೊಂಡಿದ್ದಳು. ಹಾಗೆ ಬಿಟ್ಟದ್ದರಲ್ಲಿ ತಪ್ಪಿಲ್ಲ, ಏಕೆ ಬಿಟ್ಟೆ ಎಂದು ಕೇಳಿದರೆ ಅವಳಲ್ಲಿ ಉತ್ತರವಿರಲಿಲ್ಲ. ಮೊದಲನೆಯದು ಮಾತ್ರ ಹೆಚ್ಚಾಗಿ, ಮುಂದಿನವೆಲ್ಲ ಕೂಡಿಬಂದರೆ ನಾನು ಬ್ಯುರೆಟ್ಟಿನ ತುದಿಯನ್ನು ಸಂದೇಹಿಸುತ್ತೇನೆ. ನಲ್ಲಿಯ ಕೆಳಗಿನ ಸಣ್ಣ ಮೂತಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿರುತ್ತದೆ. ಮೊದಲ ಟೈಟ್ರೇಶನ್ ನಡೆಯುವಾಗ ಅದು ಹೊರಬೀಳುತ್ತದೆ, ಅದರ ಜಾಗವನ್ನು ಮೇಲಿನ ದ್ರಾವಣ ತುಂಬುತ್ತದೆ. ಬ್ಯುರೆಟ್ಟಿನಲ್ಲಿ ಮಟ್ಟ ಇಳಿಯಿತು, ಫ್ಲಾಸ್ಕಿಗೆ ಅಷ್ಟು ಬೀಳಲಿಲ್ಲ. ಇಲ್ಲಿ ಗುಳ್ಳೆಯ ಗಾತ್ರ ಅರ್ಧ ಮಿ.ಲೀ. ಹತ್ತಿರ ಇದ್ದಿರಬೇಕು. ಬ್ಯುರೆಟ್ ತುಂಬಿಸಿದ ಮೇಲೆ ನಲ್ಲಿಯನ್ನು ಒಮ್ಮೆ ಪೂರ್ತಿ ತಿರುಗಿಸಿ ದ್ರಾವಣವನ್ನು ರಭಸವಾಗಿ ಹರಿಸಿ, ಮೂತಿಯನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಸೊನ್ನೆಗೆ ತಂದರೆ ಈ ದೋಷ ಇರುವುದಿಲ್ಲ.

ನಲ್ಲಿ ಸೋರುತ್ತಿದ್ದರೆ ಕ್ರಮ ಬೇರೆ. ಆಗ ನಿಧಾನವಾಗಿ ಮಾಡಿದ ಟೈಟ್ರೇಶನ್ ಹೆಚ್ಚು ತೋರಿಸುತ್ತದೆ, ಬೇಗ ಮುಗಿಸಿದ್ದು ಕಡಿಮೆ. ಸಂದೇಹ ಬಂದರೆ ಬ್ಯುರೆಟ್ಟನ್ನು ಸೊನ್ನೆಗೆ ತುಂಬಿಸಿ, ತುದಿಯ ಹನಿಯನ್ನು ಒರೆಸಿ, ಹತ್ತು ನಿಮಿಷ ಬಿಟ್ಟು ಬಂದು ನೋಡಿ. ಮಟ್ಟ ಅಲ್ಲೇ ಇದ್ದು ತುದಿ ಒಣಗಿದ್ದರೆ ನಲ್ಲಿ ನಿರಪರಾಧಿ.

ಕಣ್ಣಿನ ತಪ್ಪಿನ ಬಗ್ಗೆ ಒಂದು ಮಾತು, ಏಕೆಂದರೆ ಎಲ್ಲ ದೋಷವನ್ನೂ ಅದರ ತಲೆಗೆ ಕಟ್ಟುವುದು ಸುಲಭ. ಬ್ಯುರೆಟ್ಟಿನಲ್ಲಿ ನಾವು ಓದುವುದು ಎರಡು ಸಲ, ಬಳಸುವುದು ಎರಡರ ವ್ಯತ್ಯಾಸವನ್ನು. ಎರಡು ಸಲವೂ ಒಂದೇ ಕೋನದಿಂದ ಸ್ವಲ್ಪ ಮೇಲಿನಿಂದ ನೋಡಿದರೆ ತಪ್ಪು ಬಹುಮಟ್ಟಿಗೆ ತಾನೇ ಕಳೆದುಹೋಗುತ್ತದೆ. ಸೊನ್ನೆಯ ಗುರುತನ್ನು ಕತ್ತೆತ್ತಿ ಕೆಳಗಿನಿಂದ, 19ರ ಗುರುತನ್ನು ಬಗ್ಗಿ ಮೇಲಿನಿಂದ ನೋಡಿದಾಗಲೇ ಅದು ದುಪ್ಪಟ್ಟಾಗುವುದು. ಸ್ಟ್ಯಾಂಡಿನಲ್ಲಿ ಎತ್ತರದಲ್ಲಿ ಬಿಗಿದ ಬ್ಯುರೆಟ್ಟಿನ ಮುಂದೆ ಗಿಡ್ಡನೆಯ ವಿದ್ಯಾರ್ಥಿ ನಿಂತಾಗ ಆಗುವುದು ಇದೇ. ಮೆಷರಿಂಗ್ ಸಿಲಿಂಡರಿಗೆ ಈ ಅನುಕೂಲವಿಲ್ಲ. ಅಲ್ಲಿ ಓದುವುದೇ ಒಂದು ಸಲ, ಕಳೆದುಹೋಗಲು ಇನ್ನೊಂದು ತಪ್ಪು ಇರುವುದಿಲ್ಲ.

ಸಿಲಿಂಡರಿನ ಮಾತು ಬಂದದ್ದು ಸುಮ್ಮನೆ ಅಲ್ಲ. 18.50, 19.10, 18.75 ಬಂದ ಹುಡುಗನಿಗೆ ಆ ದಿನ ಪಿಪೆಟ್ ಸಿಕ್ಕಿರಲಿಲ್ಲ. ಇದ್ದದ್ದು ಏಳು. ಅವನು ಗಲಾಟೆ ಮಾಡದೆ 50 ಮಿ.ಲೀ. ಸಿಲಿಂಡರಿನಲ್ಲಿ 20ರ ಗೆರೆಗೆ ಆಮ್ಲ ತುಂಬಿಸಿ ಸುರಿದುಕೊಂಡಿದ್ದ. ಅವನ ರೀಡಿಂಗುಗಳು ಚದುರಿವೆ, ಜೊತೆಗೆ ಸರಾಸರಿಯಲ್ಲಿ ಉಳಿದವರಿಗಿಂತ ಕೆಳಗೂ ಸರಿದಿವೆ. ಚದುರಿದ್ದಕ್ಕೆ ಕಾರಣ ಸಿಲಿಂಡರಿನ ಅಗಲ: ಅಲ್ಲಿ ಒಂದು ಮಿಲಿಮೀಟರ್ ಮೇಲೆ ಕೆಳಗೆ ಓದಿದರೆ ಅರ್ಧ ಮಿ.ಲೀ. ಹತ್ತಿರ ವ್ಯತ್ಯಾಸ. ಸರಿದದ್ದಕ್ಕೆ ಕಾರಣ ಗಾಜಿಗೆ ಅಂಟಿ ಉಳಿಯುವ ದ್ರಾವಣ. ಸಾಮಾನ್ಯ ಸಿಲಿಂಡರಿನ ಗೆರೆಗಳು ಒಳಗೆ ಎಷ್ಟು ಹಿಡಿಯುತ್ತದೆ ಎಂದು ಹೇಳುತ್ತವೆ, ಸುರಿದರೆ ಎಷ್ಟು ಬೀಳುತ್ತದೆ ಎಂದಲ್ಲ. ಪಿಪೆಟ್ಟಿನ ಗೆರೆ ಹೇಳುವುದು ಹೊರಗೆ ಬೀಳುವ ಪ್ರಮಾಣವನ್ನು, ತುದಿಯಲ್ಲಿ ಉಳಿಯುವ ಹನಿಯನ್ನು ಮೊದಲೇ ಲೆಕ್ಕದಿಂದ ಬಿಟ್ಟು. ಅದಕ್ಕೇ ಆ ಕೊನೆಯ ಹನಿಯನ್ನು ಊದಬಾರದು. ತುದಿಯನ್ನು ಫ್ಲಾಸ್ಕಿನ ಒಳಗೋಡೆಗೆ ತಾಗಿಸಿ ತಾನಾಗಿ ಬಂದಷ್ಟನ್ನು ಬಿಟ್ಟರೆ ಸಾಕು.

ಸರಿದ ರೀಡಿಂಗುಗಳಿಗೆ: ಎಲ್ಲರಿಗೂ ಸಾಮಾನ್ಯವಾದದ್ದು ಯಾವುದು?

ಇನ್ನು ಆ ಐದು ಮಂದಿ. ಐದು ಬ್ಯುರೆಟ್ಟು, ಐದು ಪಿಪೆಟ್ಟು, ಐದು ಜೋಡಿ ಕೈ. ಒಂದು ಪಿಪೆಟ್ಟಿನ ಗೆರೆ ತಪ್ಪಾಗಿದ್ದರೆ ಒಬ್ಬರ ಉತ್ತರ ಕೆಡಬೇಕಿತ್ತು. ಹನಿ ಊದುವ ಚಾಳಿ ಎಲ್ಲರಿಗೂ ಇದೆ ಎಂದೇ ಇಟ್ಟುಕೊಂಡರೂ ಒಂದು ಹನಿ ಎಂದರೆ ಸುಮಾರು 0.05 ಮಿ.ಲೀ., 20ರಲ್ಲಿ ಅದು ಶೇ. ಕಾಲು. ನಾವು ಹುಡುಕುತ್ತಿದ್ದದ್ದು ಶೇ. 4.8. ಅಲ್ಲದೆ ಊದಿದರೆ ಆಮ್ಲ ಹೆಚ್ಚು ಬಿದ್ದು ರೀಡಿಂಗ್ ಏರಬೇಕು, ನಮ್ಮದು ಇಳಿದಿತ್ತು.

ತಪ್ಪಿನ ಗಾತ್ರ ಮತ್ತು ದಿಕ್ಕು, ಇವೆರಡನ್ನೂ ಮೊದಲು ಬರೆದಿಟ್ಟುಕೊಂಡರೆ ಅರ್ಧ ಸಂದೇಹಗಳು ಬಾಗಿಲಲ್ಲೇ ಉದುರಿಹೋಗುತ್ತವೆ. ಬರಬೇಕಾದದ್ದು 19.96, ಬಂದದ್ದು 19.05. ಅಂದರೆ ಒಂದೋ ಕ್ಷಾರ ನಾವು ತಿಳಿದದ್ದಕ್ಕಿಂತ ಪ್ರಬಲ, ಇಲ್ಲವೇ ಫ್ಲಾಸ್ಕಿಗೆ ಬಿದ್ದ ಆಮ್ಲ ತಿಳಿದದ್ದಕ್ಕಿಂತ ಕಡಿಮೆ. ಕ್ಷಾರವನ್ನು ಬೆಳಿಗ್ಗೆಯಷ್ಟೇ ಬೇರೆ ವಿಧಾನದಿಂದ ಪರೀಕ್ಷಿಸಿದ್ದರು. ತೆರೆದಿಟ್ಟರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕ್ಷೀಣವಾಗುತ್ತದೆಯೇ ಹೊರತು ಪ್ರಬಲವಾಗುವುದಿಲ್ಲ. ಉಳಿದದ್ದು ಆಮ್ಲದ ಬಾಟಲಿ, ಎಂಟು ಮಂದಿಯೂ ತುಂಬಿಸಿಕೊಂಡದ್ದು ಅದರಿಂದಲೇ.

ಆಮ್ಲದ ದ್ರಾವಣ ತೆಳುವಾಗಲು ದಾರಿ ಎರಡೇ. ಹರಳು ಕಡಿಮೆ ಬಿದ್ದಿರಬೇಕು, ಅಥವಾ ನೀರು ಹೆಚ್ಚಾಗಿರಬೇಕು. ಆಕ್ಸಾಲಿಕ್ ಆಮ್ಲದ ಹರಳಿನ ಸೂತ್ರ H₂C₂O₄·2H₂O, ಅಣುತೂಕ 126.07. ಒಂದು ಲೀಟರ್ 0.05 ಮೋಲಾರ್ ದ್ರಾವಣಕ್ಕೆ 6.303 ಗ್ರಾಂ ಬೇಕು. ತೂಕದ ಪುಸ್ತಕದಲ್ಲಿ ಅಷ್ಟೇ ಬರೆದಿತ್ತು. ಶೇ. 4.8 ಎಂದರೆ 0.3 ಗ್ರಾಂ, ಅಷ್ಟು ಚೆಲ್ಲಿದರೆ ತಟ್ಟೆಯ ಸುತ್ತ ಬಿಳಿಯ ಪುಡಿ ಕಾಣುತ್ತದೆ. ಪ್ರಮಾಣದ ತೂಕದ ಬಟ್ಟನ್ನು ಇಟ್ಟು ನೋಡಿದೆ, ತಕ್ಕಡಿ ಸರಿಯಾಗಿಯೇ ಇತ್ತು. ಹಳೆಯ ಹರಳು ನೀರು ಕಳೆದುಕೊಂಡಿದ್ದರೆ? ಆಗ ಅದೇ ತೂಕದಲ್ಲಿ ಆಮ್ಲ ಹೆಚ್ಚಿರುತ್ತದೆ, ದಿಕ್ಕು ಉಲ್ಟಾ. ಬಿಸಿ ನೀರಿನಲ್ಲಿ ಕರಗಿಸಿ ಆರುವ ಮೊದಲೇ ಗುರುತಿಗೆ ತುಂಬಿಸಿದ್ದರೆ? ಆರಿದ ಮೇಲೆ ದ್ರಾವಣ ಕುಗ್ಗಿ ಇನ್ನಷ್ಟು ಪ್ರಬಲವಾಗುತ್ತದೆ, ಅದೂ ಉಲ್ಟಾ.

ಹಾಗಾದರೆ ನೀರು. ದ್ರಾವಣ ಮಾಡಿದ ಅಟೆಂಡರನ್ನು ಕರೆದು, ಯಾವುದರಲ್ಲಿ ಮಾಡಿದಿರಿ ಎಂದು ಕೇಳಿದೆ. ಇಪ್ಪತ್ತು ವರ್ಷದಿಂದ ದ್ರಾವಣ ಮಾಡುತ್ತಿರುವ ಮನುಷ್ಯ.

‘ಒಂದು ಲೀಟರಿನ ಸ್ಟ್ಯಾಂಡರ್ಡ್ ಫ್ಲಾಸ್ಕು ಹೋದ ತಿಂಗಳೇ ಒಡೆಯಿತಲ್ಲ ಸರ್. ಎರಡು ಲೀಟರಿನ ದೊಡ್ಡ ಬೀಕರಿನಲ್ಲಿ ಸಾವಿರದ ಗೆರೆಗೆ ಸರಿಯಾಗಿ ತುಂಬಿಸಿದ್ದೇನೆ. ಬಗ್ಗಿ ನೋಡಿಯೇ ತುಂಬಿಸಿದ್ದು.’

‘ಕ್ಷಾರವನ್ನು?’

‘ಅದನ್ನೂ ಅದರಲ್ಲೇ. ಅದನ್ನು ಯಾವಾಗಲೂ ಅದರಲ್ಲೇ ಅಲ್ಲವೇ ಸರ್ ಮಾಡುವುದು? ನೀವೇ ಹೇಳಿದ್ದು.’

ಹೌದು, ನಾನೇ ಹೇಳಿದ್ದೆ.

ಪದವಿ ವಿಭಾಗದಿಂದ ಒಂದು ಲೀಟರ್ ಸ್ಟ್ಯಾಂಡರ್ಡ್ ಫ್ಲಾಸ್ಕನ್ನು ಕಡ ತಂದು, ಆ ಬೀಕರಿಗೆ ಸಾವಿರದ ಗೆರೆಗೆ ನೀರು ತುಂಬಿಸಿ, ಫ್ಲಾಸ್ಕಿನ ಕತ್ತಿನ ಗುರುತು ಮುಟ್ಟುವವರೆಗೆ ಸುರಿದೆವು. ಬೀಕರಿನ ತಳದಲ್ಲಿ ಇನ್ನೂ ನೀರು ಉಳಿದಿತ್ತು. 100 ಮಿ.ಲೀ. ಸಿಲಿಂಡರಿಗೆ ಸುರಿದು ಅಳೆದರೆ 48 ಮಿ.ಲೀ. ಆಮ್ಲ ಕರಗಿದ್ದದ್ದು 1000ದಲ್ಲಿ ಅಲ್ಲ, 1048ರಲ್ಲಿ. ಬಾಟಲಿಯ ಮೇಲೆ 0.05, ಒಳಗೆ 0.0477. ಇದನ್ನು ಲೆಕ್ಕಕ್ಕೆ ಇಟ್ಟರೆ ಬರಬೇಕಾದ ರೀಡಿಂಗ್ 19.05. ಮೊದಲ ಬೆಂಚಿನ ಹುಡುಗಿ ಒಂದು ಹನಿಯನ್ನೂ ತಪ್ಪಿರಲಿಲ್ಲ.

ನಾಲ್ಕು ಮಿಲಿಮೀಟರ್

ಬೀಕರಿಗೆ ದೋಷ ಇತ್ತೇ? ಇಲ್ಲ. ಬೀಕರಿನ ಗೆರೆಗಳಿಗೆ ತಯಾರಕರು ಸಾಮಾನ್ಯವಾಗಿ ಶೇ. 5ರಷ್ಟು ಹೆಚ್ಚುಕಡಿಮೆಯ ಸ್ವಾತಂತ್ರ್ಯ ಇಟ್ಟುಕೊಂಡಿರುತ್ತಾರೆ. ಗೆರೆಗಳು ಅಂದಾಜಿನವು ಎಂದು ಗಾಜಿನ ಮೇಲೆಯೇ ಮುದ್ರಿಸುವುದೂ ಉಂಟು. 48 ಮಿ.ಲೀ. ಆ ಸ್ವಾತಂತ್ರ್ಯದ ಒಳಗೇ ಇದೆ.

ಇದರ ಹಿಂದಿರುವುದು ಸರಳ ರೇಖಾಗಣಿತ. ಎರಡು ಲೀಟರಿನ ಬೀಕರಿನ ಅಡ್ಡಳತೆ ಸುಮಾರು 13 ಸೆಂಟಿಮೀಟರ್. ಅಲ್ಲಿ 48 ಮಿ.ಲೀ. ನೀರು ಏರುವುದು ಹೆಚ್ಚುಕಡಿಮೆ ನಾಲ್ಕು ಮಿಲಿಮೀಟರ್, ಗೆರೆ ಮುದ್ರಿಸುವಾಗ ಅಷ್ಟು ಸರಿಯುವುದು ದೊಡ್ಡ ಮಾತಲ್ಲ. ಅದೇ ನಾಲ್ಕು ಮಿಲಿಮೀಟರ್ ಸ್ಟ್ಯಾಂಡರ್ಡ್ ಫ್ಲಾಸ್ಕಿನ ಸಣ್ಣ ಕತ್ತಿನಲ್ಲಿ ಸುಮಾರು ಒಂದು ಮಿ.ಲೀ. 50 ಮಿ.ಲೀ. ಬ್ಯುರೆಟ್ಟಿನ ಕೊಳವೆಯಲ್ಲಿ 0.4 ಮಿ.ಲೀ. ಅಳೆಯುವ ಜಾಗದಲ್ಲಿ ಗಾಜು ಕಿರಿದಾದಷ್ಟೂ ಕಣ್ಣಿನ ತಪ್ಪು, ಗೆರೆಯ ತಪ್ಪು ಎರಡೂ ಕುಗ್ಗುತ್ತವೆ. ಪಿಪೆಟ್ಟು ಹೊಟ್ಟೆ ದಪ್ಪವಾಗಿದ್ದೂ ಗೆರೆ ಇರುವ ಕಡೆ ಕಡ್ಡಿಯಂತಿರುವುದು ಇದಕ್ಕೇ.

ಕಾಲೇಜುಗಳಿಗೆ ಬರುವ ಬಿ ದರ್ಜೆಯ ಗಾಜಿನಲ್ಲಿ 20 ಮಿ.ಲೀ. ಪಿಪೆಟ್ಟಿಗೆ ಒಪ್ಪಿತ ಹೆಚ್ಚುಕಡಿಮೆ 0.06 ಮಿ.ಲೀ., 50 ಮಿ.ಲೀ. ಬ್ಯುರೆಟ್ಟಿಗೆ 0.1, ಅದೇ ಗಾತ್ರದ ಸಿಲಿಂಡರಿಗೆ 1 ಮಿ.ಲೀ. ಎ ದರ್ಜೆಯಲ್ಲಿ ಇವೆಲ್ಲ ಅರ್ಧ. ಹಾಗಿದ್ದರೂ ಬ್ಯುರೆಟ್ಟಿನ 0.1 ಎಂಬ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. 20 ಮಿ.ಲೀ. ಹರಿಸಿದಾಗ ಅದು ಶೇ. ಅರ್ಧ, 4 ಮಿ.ಲೀ. ಮಾತ್ರ ಹರಿಸಿದರೆ ಅದೇ 0.1 ಶೇ. 2.5 ಆಗುತ್ತದೆ. ರೀಡಿಂಗ್ 4, 5ರ ಸುತ್ತ ಬರುವ ಪ್ರಯೋಗವನ್ನು ಒಳ್ಳೆಯ ಬ್ಯುರೆಟ್ ಕೊಟ್ಟು ಉಳಿಸಲು ಆಗುವುದಿಲ್ಲ, ಬ್ಯುರೆಟ್ಟಿನ ದ್ರಾವಣವನ್ನು ತೆಳುಮಾಡಿ ರೀಡಿಂಗನ್ನು 20ರ ಹತ್ತಿರ ತರಬೇಕು.

ಯಾವುದಕ್ಕೆ ಯಾವ ಗಾಜು

ಅಟೆಂಡರ್ ಹೇಳಿದ ಕೊನೆಯ ಮಾತು ನನ್ನನ್ನು ಬಹಳ ಹೊತ್ತು ಕುಟುಕಿತು. ಸೋಡಿಯಂ ಹೈಡ್ರಾಕ್ಸೈಡನ್ನು ಬೀಕರಿನಲ್ಲಿ ಮಾಡಿದ್ದು ಸರಿ, ಆಕ್ಸಾಲಿಕ್ ಆಮ್ಲವನ್ನು ಅದೇ ಬೀಕರಿನಲ್ಲಿ ಮಾಡಿದ್ದು ತಪ್ಪು. ಎರಡೂ ಒಂದು ಲೀಟರ್, ಎರಡೂ ಬಣ್ಣವಿಲ್ಲದ ದ್ರಾವಣ. ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ಎಲ್ಲಿ ಕಾಣಬೇಕು?

ವ್ಯತ್ಯಾಸ ಲೆಕ್ಕದ ಪುಟದಲ್ಲಿದೆ. ಮೇಲಿನ ಸೂತ್ರದಲ್ಲಿ ಮೂರು ಅಂಕಿಗಳಿವೆ: 0.05, 20, 19.05. ಈ ಮೂರರಲ್ಲಿ ಯಾವುದು ಶೇ. 5 ತಪ್ಪಿದರೂ ಉತ್ತರ ಶೇ. 5 ತಪ್ಪುತ್ತದೆ. 0.05 ಹುಟ್ಟುವುದು ತಕ್ಕಡಿ ಮತ್ತು ಸ್ಟ್ಯಾಂಡರ್ಡ್ ಫ್ಲಾಸ್ಕಿನಲ್ಲಿ, 20 ಪಿಪೆಟ್ಟಿನಲ್ಲಿ, 19.05 ಬ್ಯುರೆಟ್ಟಿನಲ್ಲಿ. ಕ್ಷಾರ ಮಾಡುವಾಗ ಹಾಕಿದ ಹರಳಿನ ತೂಕವಾಗಲಿ, ಒಂದು ಲೀಟರ್ ನೀರಾಗಲಿ ಈ ಸೂತ್ರದಲ್ಲಿ ಎಲ್ಲಿಯೂ ಇಲ್ಲ. ಅದರ ಪ್ರಬಲತೆಯನ್ನೇ ತಾನೇ ನಾವು ಹುಡುಕುತ್ತಿರುವುದು! ಅದು 0.097 ಆದರೂ 0.104 ಆದರೂ ಟೈಟ್ರೇಶನ್ ಹೇಳುತ್ತದೆ. ಅದಕ್ಕೆ ಸ್ಟ್ಯಾಂಡರ್ಡ್ ಫ್ಲಾಸ್ಕ್ ಬಳಸಿದರೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ಆ ಹರಳು ತೂಗುತ್ತಿರುವಾಗಲೇ ಗಾಳಿಯ ತೇವ ಹೀರುತ್ತದೆ, ತೂಕವೇ ಅಂದಾಜಾದ ಮೇಲೆ ನೀರನ್ನು ಹನಿ ಹನಿ ಲೆಕ್ಕ ಹಾಕಿ ಸಾಧಿಸುವುದೇನು?

ಆದ್ದರಿಂದ ಯಾವುದನ್ನು ಎತ್ತಿಕೊಳ್ಳಬೇಕು ಎಂದು ವಿದ್ಯಾರ್ಥಿ ಕೇಳಿದರೆ ನಾನು ‘ಎಷ್ಟು ಮಿ.ಲೀ.?’ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಈ ಅಂಕಿ ಲೆಕ್ಕದಲ್ಲಿ ಬರುತ್ತದೆಯೇ ಎಂದು ಕೇಳುತ್ತೇನೆ. ಬರುತ್ತದೆ, ಮತ್ತು ಎಷ್ಟು ಬೇಕೆಂದು ಮೊದಲೇ ಗೊತ್ತಿದೆ ಎಂದಾದರೆ ಪಿಪೆಟ್. ಬರುತ್ತದೆ, ಆದರೆ ಎಷ್ಟು ಬೀಳುತ್ತದೆ ಎಂದು ಪ್ರಯೋಗವೇ ಹೇಳಬೇಕು ಎಂದಾದರೆ ಬ್ಯುರೆಟ್. ಬರುವುದಿಲ್ಲ, ಆದರೂ ತೀರಾ ಕಡಿಮೆ ಆಗಬಾರದು ಎಂದಾದರೆ ಸಿಲಿಂಡರ್. ಪರ್ಮಾಂಗನೇಟ್ ಟೈಟ್ರೇಶನ್ನಿಗೆ ಮೊದಲು ಹಾಕುವ ತೆಳುಮಾಡಿದ ಸಲ್ಫ್ಯೂರಿಕ್ ಆಮ್ಲ ಈ ಬಗೆಯದು, ಅದು ಬೇಕಾದದ್ದಕ್ಕಿಂತ ಹೆಚ್ಚೇ ಇರುತ್ತದೆ, 10ರ ಬದಲು 11 ಬಿದ್ದರೆ ಏನೂ ಕೆಡುವುದಿಲ್ಲ. ಬೀಕರ್ ಇರುವುದು ಹಿಡಿಯಲು, ಕಲಕಲು, ಬಿಸಿಮಾಡಲು, ಬ್ಯುರೆಟ್ಟಿಗೆ ಸುರಿದುಕೊಳ್ಳಲು. ಟೈಟ್ರೇಶನ್ ನಡುವೆ ಫ್ಲಾಸ್ಕಿನ ಗೋಡೆ ತೊಳೆಯುವ ಬಟ್ಟಿ ಇಳಿಸಿದ ನೀರನ್ನಂತೂ ಯಾವುದರಲ್ಲೂ ಅಳೆಯಬೇಕಿಲ್ಲ, ಅದರಿಂದ ಆಮ್ಲದ ಮೋಲುಗಳು ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ.

ಸಿಲಿಂಡರನ್ನು ಕೀಳಾಗಿ ಕಾಣುವವರಿಗೆ ಆ 48 ಮಿ.ಲೀ. ನೆನಪಿಸುತ್ತೇನೆ. ಬೀಕರಿನಲ್ಲಿ ಉಳಿದ ನೀರನ್ನು ನಾವು ಅಳೆದದ್ದು ಸಿಲಿಂಡರಿನಲ್ಲಿಯೇ. ಅದರಲ್ಲಿ 1 ಮಿ.ಲೀ. ತಪ್ಪಿದ್ದರೂ 47 ಅಥವಾ 49. ಒಟ್ಟು 1048ರಲ್ಲಿ ಅದು ಶೇ. 0.1. ಆ ಕೆಲಸಕ್ಕೆ ಬ್ಯುರೆಟ್ ತೆಗೆದುಕೊಂಡಿದ್ದರೆ ಸಮಯ ಹಾಳಾಗುತ್ತಿತ್ತು ಅಷ್ಟೇ.

ಕಿಟಕಿಯ ಪಕ್ಕದ ಹುಡುಗ

ಮುಂದಿನ ವಾರ ಕಡ ತಂದ ಫ್ಲಾಸ್ಕಿನಲ್ಲಿ ಆಮ್ಲವನ್ನು ಹೊಸದಾಗಿ ಮಾಡಿಸಿದೆ. ಕ್ಷಾರವನ್ನು ಗಟ್ಟಿಯಾಗಿ ಮುಚ್ಚಿಟ್ಟಿದ್ದರು, ಪದವಿ ವಿಭಾಗದವರು ಮತ್ತೊಮ್ಮೆ ಪರೀಕ್ಷಿಸಿದಾಗಲೂ 0.1002ರಲ್ಲೇ ಇತ್ತು. ಎಂಟು ಮಂದಿಗೂ ಪಿಪೆಟ್ ಸಿಕ್ಕಿತು. ಏಳು ಮಂದಿಯ ರೀಡಿಂಗುಗಳು 19.95, 20.00ರ ಸುತ್ತ ಬಂದು ಕೂತವು. ಕಿಟಕಿಯ ಪಕ್ಕದವನಿಗೆ 20.80, 21.05, 20.75.

ಹೋದ ವಾರ ಎಲ್ಲರೂ ತಪ್ಪಿದಾಗ ಸರಿ ಇದ್ದವನು ಈಗ ಎಲ್ಲರೂ ಸರಿಯಾದಾಗ ಒಬ್ಬನೇ ತಪ್ಪಿದ್ದ. ನಾನು ಅವನಿಗೆ ಹೋದ ವಾರ ಪೂರ್ತಿ ಅಂಕ ಕೊಟ್ಟುಬಿಟ್ಟಿದ್ದೆ ಎನ್ನುವುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಈ ಸಲ ಲೆಕ್ಕ ನೋಡದೆ ಅವನ ಪಕ್ಕದಲ್ಲಿ ನಿಂತು ಕೈ ನೋಡಿದೆ. ಬ್ಯುರೆಟ್ಟನ್ನು ಕ್ಷಾರದಿಂದ ತೊಳೆದ, ಸರಿ. ಪಿಪೆಟ್ಟನ್ನು ಆಮ್ಲದಿಂದ ತೊಳೆದ, ಅದೂ ಸರಿ. ನೀರಿನ ಪಸೆ ಉಳಿದರೆ ಒಳಗಿನ ದ್ರಾವಣ ತೆಳುವಾಗುತ್ತದೆ ಎಂದು ಅವುಗಳನ್ನು ಹಾಗೆ ತೊಳೆಯುವುದು. ಆಮೇಲೆ ಕಾನಿಕಲ್ ಫ್ಲಾಸ್ಕನ್ನೂ ಅಷ್ಟೇ ಶ್ರದ್ಧೆಯಿಂದ ಆಮ್ಲದಲ್ಲಿ ಗಲಗಲ ಆಡಿಸಿ, ತೊಟ್ಟಿಗೆ ಚೆಲ್ಲಿ, ಪೂರ್ತಿ ಬಸಿಯುವ ಮೊದಲೇ ಬ್ಯುರೆಟ್ಟಿನ ಕೆಳಗೆ ಇಟ್ಟ.

‘ಇದನ್ನೇಕೆ ಆಮ್ಲದಲ್ಲಿ ತೊಳೆದೆ?’

‘ಯಾವುದಕ್ಕೆ ಏನು ಹಾಕುತ್ತೇವೋ ಅದರಿಂದಲೇ ತೊಳೆಯಬೇಕು ಎಂದು ನೀವೇ ಹೇಳಿದ್ದಿರಿ ಸರ್.’

ಒಂದೇ ವಾರದಲ್ಲಿ ಎರಡನೆಯ ಸಲ. ಫ್ಲಾಸ್ಕಿನ ಗೋಡೆಗೂ ತಳಕ್ಕೂ ಅಂಟಿ ಉಳಿಯುತ್ತಿದ್ದ ಆಮ್ಲ ಸುಮಾರು ಒಂದು ಮಿ.ಲೀ. ಅವನ ಫ್ಲಾಸ್ಕಿನಲ್ಲಿ 20 ಅಲ್ಲ, 21ರ ಹತ್ತಿರ ಇರುತ್ತಿತ್ತು. ಹೋದ ವಾರದ ಆಮ್ಲ ಶೇ. 4.8ರಷ್ಟು ತೆಳುವಾಗಿತ್ತು, ಇವನು ಶೇ. 5ರಷ್ಟು ಹೆಚ್ಚು ತೆಗೆದುಕೊಂಡಿದ್ದ. ಎರಡು ತಪ್ಪೂ ಒಂದನ್ನೊಂದು ತಿಂದುಹಾಕಿ ಸರಾಸರಿ 20.00 ಬಂದಿತ್ತು. ಪ್ರತಿ ಸಲ ಬಸಿದು ಉಳಿಯುವ ಪ್ರಮಾಣ ಬೇರೆಯಾದ್ದರಿಂದ ರೀಡಿಂಗುಗಳು ಚದುರಿದ್ದವು. ಆ ಚದುರಿಕೆಯೇ ನಮಗೆ ಮೊದಲ ದಿನವೇ ಸಿಕ್ಕಿದ್ದ ಸುಳಿವು, ಸರಾಸರಿಯ ಚೆಂದಕ್ಕೆ ಮರುಳಾಗಿ ನಾನು ಅದನ್ನು ಓದಿರಲಿಲ್ಲ.

ಫ್ಲಾಸ್ಕಿಗೆ ನೀರಿನ ಪಸೆ ಇದ್ದರೆ ಅಡ್ಡಿಯಿಲ್ಲ, ಆಮ್ಲದ ಪಸೆ ಇರಬಾರದು ಎಂದು ಹೇಳಿ, ಬಟ್ಟಿ ಇಳಿಸಿದ ನೀರಿನ ಬಾಟಲಿಯನ್ನು ಕೈಗಿತ್ತೆ. ತೊಳೆದು ಮತ್ತೆ ಮಾಡಿದ. 19.95. ಇನ್ನೊಮ್ಮೆ, 19.95.